ತಿದ್ದಬೇಡಿ, ಮೊದಲು ಫೋನ್ ಮಾಡಿ

ಸಂಜೆ ಹಳ್ಳಿಗಳಿಂದ ವಾಟ್ಸಾಪಿಗೆ ಬಂದ ಇಪ್ಪತ್ತು ಸಂದೇಶಗಳನ್ನು ಚೆಂದದ ಭಾಷೆಗೆ ತಿದ್ದಿ ಡೆಸ್ಕಿಗೆ ಕಳಿಸಿದರೆ ವರದಿಗಾರನ ಕೆಲಸ ಮುಗಿಯಿತೇ? ಜಾತ್ರೆಯ ಸುದ್ದಿ, ಶಾಲಾ ವಾರ್ಷಿಕೋತ್ಸವವನ್ನು ತಿದ್ದಿ ಕಳಿಸಿ, ತಕರಾರಿಲ್ಲ.

ಆದರೆ ಇಂಥದ್ದೊಂದು ಸಂದೇಶ ಬಂತು ಅನ್ನಿ: "ತಂತಿ ಬಿದ್ದು ಎರಡು ಎಮ್ಮೆ ಹೋದವು, ಯಾರೂ ಬಂದಿಲ್ಲ." ತಿದ್ದಿದರೆ ಏನಾಗುತ್ತದೆ? "ವಿದ್ಯುತ್ ತಂತಿ ತುಳಿದು ಎರಡು ಎಮ್ಮೆಗಳು ಮೃತಪಟ್ಟಿದ್ದು, ಅಧಿಕಾರಿಗಳು ನಿರ್ಲಕ್ಷ್ಯ ತೋರಿದ್ದಾರೆ." ತುಳಿದವು ಅಂತ ಅವರು ಹೇಳಿಲ್ಲ. ನಿರ್ಲಕ್ಷ್ಯ ಅಂತಲೂ ಹೇಳಿಲ್ಲ. ಇಲಾಖೆಗೆ ಯಾರಾದರೂ ತಿಳಿಸಿದ್ದಾರೋ ಇಲ್ಲವೋ, ಅದೂ ನಮಗೆ ಗೊತ್ತಿಲ್ಲ.

ಫೋನ್ ಮಾಡಿದರೆ ಕೇಳಬೇಕಾದ ಮೊದಲ ಮಾತು: ತಂತಿ ಇನ್ನೂ ಅಲ್ಲೇ ಬಿದ್ದಿದೆಯಾ? ಬಿದ್ದಿದ್ದರೆ ಸುದ್ದಿ ಆಮೇಲೆ. ಯಾರೂ ಹತ್ತಿರ ಹೋಗಬೇಡಿ, 1912ಕ್ಕೆ ತಿಳಿಸಿ ಎನ್ನಬೇಕು. ಎರಡನೆಯದು: ಪಶುವೈದ್ಯರು ಮರಣೋತ್ತರ ಪರೀಕ್ಷೆ ಮಾಡಿದರಾ? ಅದಕ್ಕೂ ಮೊದಲೇ ಹೂತುಬಿಟ್ಟರೆ ಪರಿಹಾರ ಕೇಳುವುದು ಕಷ್ಟ. ಎಷ್ಟು ತಿದ್ದಿದರೂ ಈ ಎರಡು ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

ನನ್ನ ಲೆಕ್ಕ ಇಷ್ಟೇ. ವಾಕ್ಯ ಪೂರ್ತಿ ಮಾಡಲು ಒಂದೇ ಒಂದು ಪದ ಊಹಿಸಬೇಕಾಗಿ ಬಂದರೂ ಫೋನ್ ಎತ್ತಿ. ಟೈಮಿಲ್ಲ ಎನ್ನಬೇಡಿ, ಇಪ್ಪತ್ತರಲ್ಲಿ ಇಂಥವು ಎರಡೋ ಮೂರೋ ಇರುತ್ತವೆ.