ಬಲ್ಬ್ ಉರಿಯಲಿಲ್ಲ ಎಂದರೆ ಅವಾಹಕ ಎಂದೇ ಅರ್ಥವಲ್ಲ

ವಿಜ್ಞಾನ ಪ್ರದರ್ಶನದ ದಿನ ಸುತ್ತಮುತ್ತಲಿನ ಶಾಲೆಗಳ ಏಳನೇ ತರಗತಿಯ ಮಕ್ಕಳು ನಮ್ಮ ಭೌತಶಾಸ್ತ್ರ ಲ್ಯಾಬಿಗೆ ಬರುತ್ತಾರೆ. ವಿದ್ಯುತ್ ಮಂಡಲದ ಮೇಜಿನ ಮೇಲೆ ನಾವು ಅವರಿಗಾಗಿ ಇಡುವುದು ಒಂದು ಹಲಗೆ. ಅದರ ಮೇಲೆ ಬಲ್ಬಿನ ಹೋಲ್ಡರ್, ಸೆಲ್ ಬಾಕ್ಸ್, ನಡುವೆ ಎರಡು ಕ್ಲಿಪ್. ನಮ್ಮಲ್ಲೊಬ್ಬರು ಕ್ಲಿಪ್ಪುಗಳ ನಡುವೆ ಮೊಳೆ ಸಿಕ್ಕಿಸುತ್ತಾರೆ, ಬಲ್ಬ್ ಉರಿಯುತ್ತದೆ, "ಇದು ವಾಹಕ" ಎನ್ನುತ್ತಾರೆ. ರಬ್ಬರ್ ಸಿಕ್ಕಿಸುತ್ತಾರೆ, ಉರಿಯುವುದಿಲ್ಲ, "ಇದು ಅವಾಹಕ" ಎನ್ನುತ್ತಾರೆ. ಮಕ್ಕಳು ತಲೆಯಾಡಿಸಿ ಮುಂದಿನ ಮೇಜಿಗೆ ಹೋಗುತ್ತಾರೆ.

ಈ ಸಲ ಆ ಹಲಗೆಯನ್ನು ಕಪಾಟಿನಲ್ಲೇ ಬಿಟ್ಟು, ಸಾಮಾನನ್ನು ಬಿಡಿಬಿಡಿಯಾಗಿ ಮಕ್ಕಳ ಕೈಗೇ ಕೊಡಬೇಕು ಎಂಬುದು ನನ್ನ ಅಭಿಪ್ರಾಯ. ಆ ಹಲಗೆಯ ಮೇಲೆ ಕಷ್ಟದ ಕೆಲಸವನ್ನೆಲ್ಲ ನಾವೇ ಮುಗಿಸಿಬಿಟ್ಟಿರುತ್ತೇವೆ. ಅದಕ್ಕಿಂತ ಮುಖ್ಯವಾಗಿ, ಮಕ್ಕಳು ಅಲ್ಲಿಂದ ಒಯ್ಯುವ ಪಟ್ಟಿಯಲ್ಲಿ ಒಂದು ಅಪಾಯ ಅಡಗಿದೆ. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಮೂವರು ಮಕ್ಕಳ ಒಂದು ಗುಂಪಿಗೆ ಒಂದು ದೊಡ್ಡ ಟಾರ್ಚ್ ಸೆಲ್, ಒಂದು ಟಾರ್ಚ್ ಬಲ್ಬ್, ಎರಡೂ ತುದಿ ಸುಲಿದ ಒಂದೇ ಒಂದು ತಂತಿ ಕೊಡೋಣ. ಹೋಲ್ಡರ್ ಬೇಡ, ಚಿತ್ರವೂ ಬೇಡ. "ಬಲ್ಬ್ ಉರಿಸಿ" ಎಂದಷ್ಟೇ ಹೇಳೋಣ. ಇದು ಸುಲಭ ಎಂದು ಯಾರಾದರೂ ಅಂದುಕೊಂಡರೆ, 1997ರಲ್ಲಿ ಅಮೆರಿಕದಲ್ಲಿ ತಯಾರಾದ 'ಮೈಂಡ್ಸ್ ಆಫ್ ಅವರ್ ಓನ್' ಎಂಬ ಸಾಕ್ಷ್ಯಚಿತ್ರವನ್ನು ನೆನಪಿಸಬೇಕು. ಅದರಲ್ಲಿ ಹೆಸರಾಂತ ಎಂಐಟಿಯ ಪದವೀಧರರಿಗೆ ಸೆಲ್, ಬಲ್ಬ್, ತಂತಿ ಕೊಟ್ಟು ಇದೇ ಕೆಲಸ ಹೇಳುತ್ತಾರೆ. ದೊಡ್ಡ ದೊಡ್ಡ ಲೆಕ್ಕ ಬಿಡಿಸಬಲ್ಲವರೇ ಅಲ್ಲಿ ತಡವರಿಸುತ್ತಾರೆ.

ಮಕ್ಕಳು ಸಾಮಾನ್ಯವಾಗಿ ಮೊದಲು ಮಾಡುವುದು ಇಷ್ಟು: ಸೆಲ್ಲಿನ ತುದಿಗೆ ತಂತಿ, ತಂತಿಯ ಇನ್ನೊಂದು ತುದಿಗೆ ಬಲ್ಬಿನ ಬುಡ. ನಲ್ಲಿಯಿಂದ ಪೈಪಿನಲ್ಲಿ ನೀರು ಬಂದ ಹಾಗೆ ಕರೆಂಟ್ ಬಲ್ಬಿಗೆ ಬಂದು ಸೇರುತ್ತದೆ ಎಂಬ ಕಲ್ಪನೆ ಅದು. ಬಲ್ಬ್ ಉರಿಯುವುದಿಲ್ಲ. ಸೆಲ್ಲಿಗೆ ಎರಡು ಕಡೆ ಇರುವುದು ಎಲ್ಲರಿಗೂ ಗೊತ್ತು, ಆದರೆ ಬಲ್ಬಿಗೂ ಎರಡು ಕಡೆ ಇದೆ ಎಂಬುದು ಹೋಲ್ಡರಿನೊಳಗೆ ಮುಚ್ಚಿಹೋಗಿರುತ್ತದೆ. ಬುಡದಲ್ಲಿ ಬೆಸುಗೆ ಹಾಕಿದ ಸಣ್ಣ ಗುಂಡು ಒಂದು ಕಡೆ, ತಿರುಪಿನಂತಿರುವ ಲೋಹದ ಕವಚ ಇನ್ನೊಂದು ಕಡೆ. ಗಾಜಿನೊಳಗಿನ ತಂತುವಿನ ಒಂದು ತುದಿ ಗುಂಡಿಗೆ, ಇನ್ನೊಂದು ಕವಚಕ್ಕೆ ಹೋಗುತ್ತದೆ. ಇವೆರಡನ್ನೂ ಬೇರ್ಪಡಿಸಿ ನಡುವೆ ಕಪ್ಪು ಬಣ್ಣದ ಅವಾಹಕ ಇರುತ್ತದೆ. ಗುಂಡನ್ನು ಸೆಲ್ಲಿನ ಮೇಲೆ ನೇರವಾಗಿ ಇಟ್ಟು, ಕವಚದಿಂದ ಸೆಲ್ಲಿನ ಇನ್ನೊಂದು ಬದಿಗೆ ತಂತಿ ಹಿಡಿದಾಗ ಮಾತ್ರ ಬಲ್ಬ್ ಉರಿಯುತ್ತದೆ. ಸೆಲ್ಲನ್ನು ತಲೆಕೆಳಗು ಮಾಡಿ, ಬಲ್ಬನ್ನು ಕವಚದ ಕಡೆಯಿಂದ ತಾಗಿಸಿ ನೋಡಿದರೆ ಒಟ್ಟು ನಾಲ್ಕು ವಿಧಾನ ಸಿಗುತ್ತವೆ. ನಾಲ್ಕನ್ನೂ ಹುಡುಕಿದ ಮಗುವಿಗೆ 'ಮುಚ್ಚಿದ ಮಂಡಲ' ಎಂದರೇನು ಎಂದು ನಾವು ವಿವರಿಸಬೇಕಾಗಿಲ್ಲ.

ಈ ಹುಡುಕಾಟದಲ್ಲಿ ಯಾರಾದರೂ ತಂತಿಯನ್ನು ಸೆಲ್ಲಿನ ಎರಡೂ ಬದಿಗೆ ನೇರವಾಗಿ ತಾಗಿಸಿಯೇ ತಾಗಿಸುತ್ತಾರೆ. ಅದೇ ಶಾರ್ಟ್ ಸರ್ಕ್ಯೂಟ್. ತಂತಿ ಬೆರಳಿಗೆ ಬೆಚ್ಚಗಾಗುತ್ತದೆ, ಹಾಗೇ ಹಿಡಿದರೆ ಸುಡುತ್ತದೆ, ಸೆಲ್ಲೂ ಬೇಗ ಖಾಲಿಯಾಗುತ್ತದೆ. "ಬಿಸಿಯಾದರೆ ತಕ್ಷಣ ಬಿಡಿ" ಎಂದು ಮೊದಲೇ ಹೇಳಿದರೆ ಸಾಕು. ಆದರೆ ಮೇಜಿನ ಮೇಲೆ ಮೊಬೈಲ್ ಬ್ಯಾಟರಿ, ಪವರ್ ಬ್ಯಾಂಕ್, ಬೈಕಿನ ಬ್ಯಾಟರಿ ಯಾವುದೂ ಇರಕೂಡದು. ಅವುಗಳಲ್ಲಿ ಇದೇ ತಪ್ಪು ಬೆಂಕಿಯಾಗಬಹುದು.

ಬಲ್ಬ್ ಉರಿದ ಮೇಲೆ ಎರಡನೇ ಸೆಲ್ ಮತ್ತು ಇನ್ನೆರಡು ತಂತಿ ಕೊಟ್ಟು, ಮಂಡಲದಲ್ಲಿ ಒಂದು ಕಡೆ ಅಂತರ ಬಿಡಿಸೋಣ. ಆ ಅಂತರದಲ್ಲಿ ಏನು ಬೇಕಾದರೂ ಇಡಲಿ: ನಾಣ್ಯ, ಗಾಜಿನ ಬಳೆ, ಲೋಹದ ಬಳೆ, ಸ್ಕಾರ್ಫಿನ ಪಿನ್, ಪೆನ್ನಿನ ಕ್ಯಾಪ್, ಚಾಕೊಲೇಟ್ ಸುತ್ತಿದ ಹಾಳೆ. ಇಲ್ಲಿ ಒಂದೇ ಒಂದು ನಿಯಮ. ಪ್ರತಿ ವಸ್ತುವಿಗೆ ಮೊದಲು ತಂತಿಯ ಎರಡು ತುದಿಗಳನ್ನು ಒಂದಕ್ಕೊಂದು ತಾಗಿಸಿ ಬಲ್ಬ್ ಉರಿಯುತ್ತದೆಯೇ ಎಂದು ನೋಡಬೇಕು. ವಸ್ತುವನ್ನು ಪರೀಕ್ಷಿಸಿದ ಮೇಲೆ ಇನ್ನೊಮ್ಮೆ ತಾಗಿಸಿ ನೋಡಬೇಕು. ಎರಡೂ ಸಲ ಉರಿದು, ನಡುವೆ ಮಾತ್ರ ಉರಿಯದಿದ್ದರೆ ತಪ್ಪು ಮಂಡಲದ್ದಲ್ಲ ಎಂದು ತಿಳಿಯುತ್ತದೆ. ಈ ನಿಯಮವಿಲ್ಲದಿದ್ದರೆ ಸಡಿಲವಾದ ತಂತಿಯ ಅಪವಾದ ನಾಣ್ಯದ ಮೇಲೆ ಬರುತ್ತದೆ.

ಇಷ್ಟಾದರೂ ಕೆಲವು ವಸ್ತುಗಳು ಮಕ್ಕಳನ್ನು ಸತಾಯಿಸುತ್ತವೆ. ಅಂಥವನ್ನು ನಾವು ಬೇಕೆಂದೇ ಮೇಜಿನ ಮೇಲೆ ಇಡಬೇಕು. ಮೋಟಾರ್ ವೈಂಡಿಂಗಿಗೆ ಬಳಸುವ ತಾಮ್ರದ ತಂತಿ ನೋಡಲು ಬರಿಯ ತಾಮ್ರದಂತೆ ಹೊಳೆಯುತ್ತದೆ, ಆದರೆ ಬಲ್ಬ್ ಉರಿಯುವುದಿಲ್ಲ. ಅದರ ಮೇಲೆ ತೆಳುವಾದ ವಾರ್ನಿಷಿನ ಪದರವಿದೆ. ಎರಡು ತುದಿಗಳನ್ನು ಮರಳು ಕಾಗದದಲ್ಲಿ ಉಜ್ಜಿದರೆ ಅದೇ ತಂತಿಯಲ್ಲಿ ಬಲ್ಬ್ ಉರಿಯುತ್ತದೆ. ವಾಹಕವೊಂದು ಅವಾಹಕದ ಅಂಗಿ ತೊಟ್ಟು ಕುಳಿತಿತ್ತು ಎಂದು ಮಕ್ಕಳೇ ಕಂಡುಕೊಳ್ಳುತ್ತಾರೆ.

ಇನ್ನೊಂದು ಪೆನ್ಸಿಲ್. ಎರಡೂ ತುದಿ ಚೂಪು ಮಾಡಿದ ಪೂರ್ತಿ ಪೆನ್ಸಿಲನ್ನು ಅಂತರದಲ್ಲಿ ಇಟ್ಟರೆ ಬಲ್ಬ್ ಉರಿಯದೇ ಹೋಗಬಹುದು. ಮಗು 'ಅವಾಹಕ' ಎಂದು ಬರೆಯುತ್ತದೆ. ಪೆನ್ಸಿಲನ್ನು ಉದ್ದಕ್ಕೆ ಸೀಳಿ, ಕಡ್ಡಿಯ ಮೇಲೆ ಎರಡು ತಂತಿಗಳನ್ನು ನಿಧಾನವಾಗಿ ಹತ್ತಿರ ತನ್ನಿ. ಒಂದು ಹಂತದಲ್ಲಿ ತಂತು ಕೆಂಪಗೆ ಮಿನುಗುತ್ತದೆ, ಇನ್ನೂ ಹತ್ತಿರ ತಂದರೆ ಬೆಳಕು ಹೆಚ್ಚುತ್ತದೆ. ವಸ್ತು ಬದಲಾಗಲಿಲ್ಲ, ಉದ್ದ ಮಾತ್ರ ಬದಲಾಯಿತು. ಹಾಗಾದರೆ ಈ ಕಡ್ಡಿ ಯಾವ ಪಟ್ಟಿಗೆ ಸೇರಬೇಕು? ಇಲ್ಲಿ ನಾವು ಬಾಯಿ ಹಾಕಿ ಉತ್ತರ ಹೇಳಬಾರದು. ದ್ವಿತೀಯ ಪಿಯುಸಿಯಲ್ಲಿ ನಾವು ಸೂತ್ರವಾಗಿ ಬರೆಯುವ ರೋಧ ಮತ್ತು ಉದ್ದದ ಸಂಬಂಧವನ್ನು ಆ ಮಗು ಕಣ್ಣಾರೆ ನೋಡುತ್ತಿರುತ್ತದೆ.

ಈಗ ಆ ಅಪಾಯದ ಮಾತು. ಮಕ್ಕಳು ತಪ್ಪದೆ ಪರೀಕ್ಷಿಸುವ ಇನ್ನೆರಡು ವಸ್ತುಗಳಿವೆ, ತಮ್ಮ ಬೆರಳು ಮತ್ತು ನಲ್ಲಿ ನೀರು. ಎರಡಕ್ಕೂ ಬಲ್ಬ್ ಉರಿಯುವುದಿಲ್ಲ. ನಿಯಮದ ಪ್ರಕಾರ ತುದಿ ತಾಗಿಸಿ ನೋಡಿಯೂ ಆಯಿತು, ಬಲ್ಬ್ ಸರಿಯಾಗಿದೆ. ಹಾಗಾಗಿ ಪಟ್ಟಿಯ 'ಅವಾಹಕ' ಕಾಲಮ್ಮಿನಲ್ಲಿ ಬೆರಳು, ನೀರು ಎಂದು ಬರೆದುಕೊಂಡು ಮಗು ಮನೆಗೆ ಹೋಗುತ್ತದೆ. ಅಲ್ಲಿ 230 ವೋಲ್ಟಿನ ಪ್ಲಗ್ಗು, ಒದ್ದೆ ನೆಲ, ವಾಟರ್ ಹೀಟರ್ ಎಲ್ಲ ಇವೆ.

ನಮ್ಮ ಟಾರ್ಚ್ ಬಲ್ಬ್ ಚೆನ್ನಾಗಿ ಬೆಳಗಲು ಸುಮಾರು 300 ಮಿಲಿಆಂಪಿಯರ್ ಬೇಕು. ಮನೆಗಳಲ್ಲಿ ಶಾಕ್ ತಪ್ಪಿಸಲು ಹಾಕುವ ಆರ್‌ಸಿಸಿಬಿ 30 ಮಿಲಿಆಂಪಿಯರ್ ಸೋರಿಕೆಗೇ ಲೈನ್ ಕಡಿಯುತ್ತದೆ, ಏಕೆಂದರೆ ಅದಕ್ಕಿಂತ ಹೆಚ್ಚು ದೇಹದ ಮೂಲಕ ಹರಿಯುವುದು ಜೀವಕ್ಕೆ ಅಪಾಯ. ಅಂದರೆ ಮನುಷ್ಯನನ್ನು ಕೊಲ್ಲಬಲ್ಲ ಪ್ರವಾಹವೂ ಈ ಬಲ್ಬಿನ ಕಣ್ಣಿಗೆ ಕಾಣುವುದಿಲ್ಲ. ಎರಡು ಸೆಲ್ಲಿನ 3 ವೋಲ್ಟಿಗೆ ಒಣ ಚರ್ಮ ಹೆಚ್ಚು ಪ್ರವಾಹ ಬಿಡುವುದಿಲ್ಲ ಎಂಬುದು ನಿಜ. ಅದೇ ಚರ್ಮ ಒದ್ದೆಯಾದಾಗ, 230 ವೋಲ್ಟಿನ ಮುಂದೆ, ಮಾತು ಬೇರೆ.

ಹಾಗೆಂದು ಬೆರಳನ್ನು ಪರೀಕ್ಷಿಸಬೇಡಿ ಎಂದು ತಡೆಯುವುದು ಪರಿಹಾರವಲ್ಲ. ಟಾರ್ಚ್ ಸೆಲ್ಲಿನಲ್ಲಿ ಅದರಿಂದ ಏನೂ ಆಗುವುದಿಲ್ಲ. ನಾವು ಬದಲಿಸಬೇಕಾದುದು ಪಟ್ಟಿಯ ತಲೆಬರಹ. 'ವಾಹಕ', 'ಅವಾಹಕ' ಎಂದು ಬರೆಸುವ ಬದಲು 'ಈ ಬಲ್ಬ್ ಉರಿಯಿತು', 'ಈ ಬಲ್ಬ್ ಉರಿಯಲಿಲ್ಲ' ಎಂದು ಬರೆಸೋಣ. ಆಮೇಲೆ ಬಲ್ಬಿನ ಜಾಗದಲ್ಲಿ ಒಂದು ಕೆಂಪು ಎಲ್‌ಇಡಿ ಇಡೋಣ. ಅದಕ್ಕೆ ಮೂರು ಸೆಲ್, ಜೊತೆಗೆ 220 ಓಮಿನ ಒಂದು ರೆಸಿಸ್ಟರ್ ಬೇಕು, ಉದ್ದನೆಯ ಕಾಲು ಪ್ಲಸ್ ಕಡೆಗೆ ಇರಬೇಕು. ಎಲ್‌ಇಡಿಗೆ ಬಲ್ಬಿಗೆ ಬೇಕಾದುದರ ಒಂದು ಸಣ್ಣ ಪಾಲು ಪ್ರವಾಹ ಸಾಕು. ಈಗ ಉಪ್ಪು ಕದಡಿದ ನೀರಿನಲ್ಲಿ ಎರಡು ತುದಿಗಳನ್ನು ಹತ್ತಿರ ಮುಳುಗಿಸಿದರೆ ಬೆಳಕು ಕಾಣುತ್ತದೆ. ಬಲ್ಬ್ 'ಇಲ್ಲ' ಎಂದದ್ದಕ್ಕೆ ಎಲ್‌ಇಡಿ 'ಹೌದು' ಎನ್ನುತ್ತದೆ. ಬೆರಳಿಗೆ ಎಲ್‌ಇಡಿಯೂ ಉರಿಯದಿರಬಹುದು, ಆದರೆ ಅಷ್ಟು ಹೊತ್ತಿಗೆ "ಅಕ್ಕಾ, ಇನ್ನೂ ಸೂಕ್ಷ್ಮವಾದದ್ದು ಇದ್ದರೆ?" ಎಂದು ಕೇಳಲು ಮಗುವಿಗೆ ಕಾರಣ ಸಿಕ್ಕಿರುತ್ತದೆ. 230 ವೋಲ್ಟಿನ ಮಾತನ್ನು ಹೇಳಬೇಕಾದ ಗಳಿಗೆ ಅದೇ.

ಕೊನೆಗೆ ಸ್ವಿಚ್. ರಟ್ಟಿನ ತುಂಡಿನ ಮೇಲೆ ಎರಡು ಡ್ರಾಯಿಂಗ್ ಪಿನ್, ಒಂದರಡಿ ತಿರುಗುವಂತೆ ಸಿಕ್ಕಿಸಿದ ಸೇಫ್ಟಿ ಪಿನ್. ಅದರ ತುದಿ ಇನ್ನೊಂದು ಡ್ರಾಯಿಂಗ್ ಪಿನ್ನಿಗೆ ತಾಗಿದರೆ ಮಂಡಲ ಪೂರ್ಣ. ಇಷ್ಟು ಹೊತ್ತು ನಾಣ್ಯ ಇಟ್ಟು ತೆಗೆದ ಅಂತರವೇ ಈಗ ಸ್ವಿಚ್ ಆಯಿತು. ಇಲ್ಲಿ ಒಂದು ಪ್ರಶ್ನೆ ಕೇಳಿ, ಉತ್ತರವನ್ನು ಮೊದಲೇ ಬರೆಸಿಕೊಳ್ಳೋಣ: ಸ್ವಿಚ್ಚನ್ನು ಬಲ್ಬಿನ ಆಚೆ ಬದಿಗೆ ಸರಿಸಿದರೆ ಬಲ್ಬ್ ಆರುತ್ತದೆಯೇ? ಕರೆಂಟ್ ಬಲ್ಬಿಗೆ ಬರುವ ಮೊದಲೇ ತಡೆಯಬೇಕು, ದಾಟಿದ ಮೇಲೆ ತಡೆದು ಏನು ಪ್ರಯೋಜನ ಎಂದು ಹಲವರು ಭಾವಿಸುತ್ತಾರೆ. ಮಾಡಿ ನೋಡಿದರೆ ಎಲ್ಲಿಟ್ಟರೂ ಬಲ್ಬ್ ಆರುತ್ತದೆ.

ಆದರೆ ಇಲ್ಲಿಯೂ ಸೆಲ್ಲಿನ ಪಾಠ ಪೂರ್ತಿಯಾಗಿ ಗೋಡೆಯ ವೈರಿಂಗಿಗೆ ಹೊಂದುವುದಿಲ್ಲ. ಮನೆಯಲ್ಲಿ ಸ್ವಿಚ್ಚನ್ನು ಫೇಸ್ ತಂತಿಯಲ್ಲೇ ಹಾಕಬೇಕು. ನ್ಯೂಟ್ರಲ್ಲಿನಲ್ಲಿ ಹಾಕಿದರೂ ಬಲ್ಬ್ ಆರುತ್ತದೆ, ಆದರೆ ಹೋಲ್ಡರಿನಲ್ಲಿ ವೋಲ್ಟೇಜ್ ಉಳಿದಿರುತ್ತದೆ. ಬಲ್ಬ್ ಬದಲಿಸಲು ಕೈ ಹಾಕಿದವರಿಗೆ ಶಾಕ್ ಹೊಡೆಯಬಹುದು. ಮತ್ತದೇ ಮಾತು: ಉರಿಯದ ಬಲ್ಬ್ ಎಂದರೆ ಕರೆಂಟ್ ಇಲ್ಲ ಎಂದು ಅರ್ಥವಲ್ಲ.

ಇದಕ್ಕೆಲ್ಲ ಹೆಚ್ಚು ಖರ್ಚಿಲ್ಲ, ಸಮಯ ಮಾತ್ರ ಬೇಕು. ಒಂದು ಗುಂಪಿಗೆ ಎರಡು ನಿಮಿಷದ ಬದಲು ಮುಕ್ಕಾಲು ಗಂಟೆ. ಹಾಗಾಗಿ ಮಕ್ಕಳನ್ನು ಸಾಲಾಗಿ ಮೇಜಿನಿಂದ ಮೇಜಿಗೆ ಸಾಗಿಸುವ ಪದ್ಧತಿಯನ್ನು ಈ ಒಂದು ಮೇಜಿನ ಮಟ್ಟಿಗಾದರೂ ಕೈಬಿಡಬೇಕೆಂದು ಉಪನ್ಯಾಸಕರಲ್ಲಿ ಕೋರುತ್ತೇನೆ. ಟಾರ್ಚ್‌ಗಳೆಲ್ಲ ಎಲ್‌ಇಡಿ ಆಗಿರುವುದರಿಂದ ತಂತು ಇರುವ 2.5 ವೋಲ್ಟಿನ ಬಲ್ಬ್‌ಗಳನ್ನು ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಈಗಿನಿಂದಲೇ ಹುಡುಕಿಡಬೇಕು. ಮೇಜಿನ ಹಿಂದೆ ನಿಲ್ಲುವ ಗೆಳೆಯ ಗೆಳತಿಯರಲ್ಲಿ ಒಂದು ವಿನಂತಿ: ಬಲ್ಬ್ ಉರಿಯದಿದ್ದಾಗ ಕೈ ಚಾಚಿ ಸರಿ ಮಾಡಿಕೊಡಬೇಡಿ. "ತಂತಿಯ ತುದಿಗಳನ್ನು ಒಂದಕ್ಕೊಂದು ತಾಗಿಸಿ ನೋಡಿದೆಯಾ?" ಎಂದು ಮಾತ್ರ ಕೇಳಿ.