ಎಡಗಡೆಯ ಸೊನ್ನೆ

ಬಲಗಡೆ ಒಂದು ಸೊನ್ನೆ ಹೆಚ್ಚಾದರೆ ಸಂಬಳ ಹತ್ತು ಪಟ್ಟಾಗುತ್ತದೆ. ಎಡಗಡೆ ಎಷ್ಟು ಸೊನ್ನೆ ಬಂದರೂ ಬೆಲೆ ಬದಲಾಗದು ಎಂದು ಶಾಲೆಯಲ್ಲಿ ಮೇಷ್ಟ್ರು ಕಲಿಸಿದ್ದಾರೆ. ಎಕ್ಸೆಲ್ ಕೂಡ ಇದೇ ಪಾಠ ಓದಿದೆ. ಅದರ ಕಣ್ಣಿಗೆ 000457 ಎಂದರೆ 457, ಅಷ್ಟೆ. ಆದರೆ ನೌಕರರ ಕೋಡ್ ಎಂಬುದು ಲೆಕ್ಕ ಹಾಕುವ ಸಂಖ್ಯೆಯಲ್ಲ, ಅಂಕಿಗಳಲ್ಲಿ ಬರೆದ ಹೆಸರು. ಹೆಸರಿನ ಮೊದಲ ಅಕ್ಷರಗಳು ಬಿದ್ದುಹೋದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ನಾರಾಯಣಗೂಡದಲ್ಲೇ ನಾನು ಕಂಡ ಒಂದು ಪ್ರಸಂಗ ಹೇಳುತ್ತೇನೆ.

ನಾನು ಆಗಾಗ ಲೆಕ್ಕಪತ್ರ ನೋಡಿಕೊಡುವ ಒಂದು ಕಚೇರಿ ಇದೆ. ಅಲ್ಲಿ ಕಾಯಂ ನೌಕರರಿಗೆ ಆರಂಕಿಯ ಕೋಡ್, ಗುತ್ತಿಗೆಯವರಿಗೆ ಐದಂಕಿಯ ಕೋಡ್. ತಿಂಗಳ ಕೊನೆಗೆ ಹಾಜರಿ ಯಂತ್ರದಿಂದ ಸಿಎಸ್‌ವಿ ಕಡತ ಇಳಿಸಿಕೊಂಡು, ಎಕ್ಸೆಲ್‌ನಲ್ಲಿ ತೆರೆದು, ಸಂಬಳದ ಪಟ್ಟಿಗೆ ಜೋಡಿಸುವುದು ವಾಡಿಕೆ. ಒಂದು ತಿಂಗಳು ಕಡತದಲ್ಲಿ ಈ ಎರಡು ಸಾಲು ಇದ್ದವು:

```
000457,11
00457,26
```

ಮೊದಲನೆಯವರು ಕಾಯಂ ನೌಕರರು, ರಜೆ ಹಾಕಿದ್ದರಿಂದ ಹನ್ನೊಂದೇ ದಿನ. ಎರಡನೆಯವರು ಬೀದರ್ ಕಡೆಯ ಕಾವಲುಗಾರ, ಇಪ್ಪತ್ತಾರು ದಿನವೂ ಹಾಜರು. ಕಡತವನ್ನು ಎರಡು ಸಲ ಒತ್ತಿ ತೆರೆದ ಕೂಡಲೇ ಇಬ್ಬರೂ 457 ಆದರು. ಸಂಬಳದ ಪಟ್ಟಿಯೂ ಬೇರೊಂದು ಸಿಎಸ್‌ವಿಯಿಂದ ಹಾಗೆಯೇ ತೆರೆದದ್ದಾದ್ದರಿಂದ ಅಲ್ಲೂ ಇಬ್ಬರೂ 457. `VLOOKUP` ಮೇಲಿನಿಂದ ಹುಡುಕಿ, ಮೊದಲು ಸಿಕ್ಕ 457ರ ಮುಂದಿದ್ದ 11ನ್ನು ಇಬ್ಬರಿಗೂ ಕೊಟ್ಟಿತು. ದಿನಕ್ಕೆ 600 ರೂಪಾಯಿಯಂತೆ 15,600 ಬರಬೇಕಿದ್ದ ಮನುಷ್ಯನ ಖಾತೆಗೆ 6,600 ಬಿತ್ತು.

"ಸಾಹೇಬ್ರ, ನಾ ಒಂದ್ ದಿನಾನೂ ರಜಾ ಹಾಕಿಲ್ರೀ. ದಿನಾ ಮಷೀನಿಗೆ ಬೆರಳು ಇಟ್ಟೀನ್ರೀ" ಎಂದು ಆತ ಹೇಳಿದಾಗ ಪರದೆಯ ಮೇಲೆ ಎಲ್ಲೂ ಕೆಂಪು ಗುರುತಿರಲಿಲ್ಲ. ಒಂದು ಪಟ್ಟಿಯಲ್ಲಿ ಮಾತ್ರ ಸೊನ್ನೆ ಹೋಗಿ ಇನ್ನೊಂದರಲ್ಲಿ ಉಳಿದಿದ್ದರೆ `#N/A` ಎಂದು ಸಾಲುಸಾಲಾಗಿ ಬರುತ್ತಿತ್ತು, ಯಾರಾದರೂ ತಡೆಯುತ್ತಿದ್ದರು. ಎರಡರಲ್ಲೂ ಹೋದರೆ ಲೆಕ್ಕ ಸುಸೂತ್ರವಾಗಿ ಮುಗಿಯುತ್ತದೆ. ಈ ತೊಂದರೆಯಲ್ಲಿ ನಿಜವಾಗಿ ಹೆದರಬೇಕಾದದ್ದು ಇದಕ್ಕೇ.

ಇಂಥ ಹೊತ್ತಿನಲ್ಲಿ ಮೊದಲ ಅನುಮಾನ ಹಾಜರಿ ಯಂತ್ರದ ಮೇಲೆ ಬೀಳುತ್ತದೆ. ಅದನ್ನು ಪರೀಕ್ಷಿಸಲು ಮೂಲ ಕಡತವನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಸಿಎಸ್‌ವಿ ಎಂಬುದು ಅಲ್ಪವಿರಾಮ ಹಾಕಿದ ಬರಿಯ ಪಠ್ಯ. ಇದು ಸಂಖ್ಯೆ, ಇದು ಹೆಸರು ಎಂದು ಹೇಳುವ ಜಾಗವೇ ಅದರಲ್ಲಿಲ್ಲ. ನೋಟ್‌ಪ್ಯಾಡ್‌ನಲ್ಲಿ ಸೊನ್ನೆಗಳು ಕಂಡರೆ ಯಂತ್ರದ ತಪ್ಪಿಲ್ಲ. ತೆರೆಯುವಾಗ ಎಕ್ಸೆಲ್ ಊಹಿಸಿ ಕಿತ್ತುಹಾಕಿದೆ ಎಂದರ್ಥ. ಆದರೆ ಅದೇ ಕಡತವನ್ನು ಎಕ್ಸೆಲ್‌ನಲ್ಲಿ ತೆರೆದು ಅದೇ ಹೆಸರಿನಲ್ಲಿ ಉಳಿಸಿದ್ದರೆ ಮೂಲವೂ ಹೋಯಿತು. ಯಂತ್ರದಿಂದ ಮತ್ತೆ ಇಳಿಸಿಕೊಳ್ಳಬೇಕು.

ಸರಿಯಾಗಿ ತರುವ ದಾರಿ ಉದ್ದವಿಲ್ಲ. ಖಾಲಿ ಹಾಳೆ ತೆರೆದು `Data` ಪಟ್ಟಿಯಲ್ಲಿ `From Text/CSV` ಆರಿಸಿ. ಮುನ್ನೋಟ ಬಂದಾಗ `Data Type Detection` ಎಂಬಲ್ಲಿ `Do not detect data types` ಎಂದು ಬದಲಿಸಿ, ಆಮೇಲೆ `Load` ಒತ್ತಿ. ಹೀಗೆ ಮಾಡಿದಾಗ ದಿನಗಳ ಕಾಲಮ್ಮೂ ಪಠ್ಯವಾಗಿಯೇ ಬರುತ್ತದೆ, ಅದನ್ನು ಮಾತ್ರ ನಂತರ ಸಂಖ್ಯೆಗೆ ತಿರುಗಿಸಿಕೊಳ್ಳಬೇಕು. ಗೂಗಲ್ ಶೀಟ್ಸ್ ಬಳಸುವವರು ಇಂಪೋರ್ಟ್ ಮಾಡುವಾಗ `Convert text to numbers, dates, and formulas` ಎಂಬುದರ ಮುಂದಿನ ಗುರುತು ತೆಗೆದರೆ ಸಾಕು.

ಸೊನ್ನೆ ಹೋದ ಮೇಲೆ ಕಾಲಮ್ಮಿನ ಫಾರ್ಮ್ಯಾಟನ್ನು `Text` ಎಂದು ಬದಲಿಸಿದರೆ ಏನೂ ಮರಳಿ ಬರದು. `000000` ಎಂಬ ಫಾರ್ಮ್ಯಾಟ್ ಕೊಟ್ಟರೆ ಕಣ್ಣಿಗೆ 000457 ಎಂದು ಕಾಣುತ್ತದೆ, ಒಳಗೆ ಇರುವುದು 457 ಮಾತ್ರ. ಸೊನ್ನೆಯನ್ನು ನಿಜವಾಗಿ ಕೂಡಿಸುವುದು ಈ ಸೂತ್ರ:

```
=TEXT(A2,"000000")
```

ಎಲ್ಲರ ಕೋಡೂ ಆರಂಕಿಯದೇ ಆಗಿದ್ದರೆ ಇದು ಸರಿ. ನಮ್ಮ ಪ್ರಸಂಗದಲ್ಲಿ ಇದನ್ನು ಹಾಕಿದ್ದರೆ ಕಾವಲುಗಾರನೂ 000457 ಆಗಿ, ಗೋಜಲು ಇನ್ನಷ್ಟು ಗಟ್ಟಿಯಾಗುತ್ತಿತ್ತು. ಯಾವುದು ಐದಂಕಿ, ಯಾವುದು ಆರಂಕಿ ಎಂಬ ಸುಳಿವು ಸೊನ್ನೆಯ ಜೊತೆಗೇ ಹೋಗಿರುತ್ತದೆ.

ಇನ್ನೊಂದು ಹಳ್ಳವಿದೆ, ಅನುಭವಸ್ಥರೂ ಬೀಳುವಂಥದ್ದು. ನಮ್ಮ ಕಚೇರಿಯ ಹುಡುಗಿ ಕೋಡ್‌ಗಳನ್ನು ಪಠ್ಯವಾಗಿಯೇ ತಂದು, ದಿನಗಳನ್ನು `SUMIF`ನಿಂದ ಕೂಡಿಸಿದಳು. ಇಬ್ಬರಿಗೂ 37 ದಿನ ಬಂತು! ತಿಂಗಳಿಗೆ ಮೂವತ್ತೇಳು ದಿನ ಇಲ್ಲವಾದ್ದರಿಂದ ಅವಳೇ ಹಿಡಿದಳು. `SUMIF` ಮತ್ತು `COUNTIF` ಅಂಕಿಯಂತೆ ಕಾಣುವ ಪಠ್ಯವನ್ನು ಹೋಲಿಸುವಾಗ ಸಂಖ್ಯೆಯೆಂದೇ ಭಾವಿಸುತ್ತವೆ, ಹಾಗಾಗಿ "000457" ಮತ್ತು "00457" ಅವಕ್ಕೆ ಒಂದೇ. ಹೀಗೆ ಬರೆದರೆ ಅಕ್ಷರಕ್ಕೆ ಅಕ್ಷರ ಹೋಲಿಸುತ್ತದೆ:

```
=SUMPRODUCT((A$2:A$60=E2)*B$2:B$60)
```

ಕೊನೆಗೆ ಆ ಕಚೇರಿಯಲ್ಲಿ ಕೋಡ್‌ಗಳ ಮುಂದೆ ಒಂದೊಂದು ಅಕ್ಷರ ಸೇರಿಸಿದರು, ಕಾಯಂ ನೌಕರರಿಗೆ K, ಗುತ್ತಿಗೆಯವರಿಗೆ G. `G00457` ಅನ್ನು ಯಾವ ತಂತ್ರಾಂಶವೂ ಸಂಖ್ಯೆಯೆಂದು ತಿಳಿಯದು. ಅಕ್ಷರ ಮುಂದೆಯೇ ಇರಲಿ. ಅಂಕಿಗಳ ನಡುವೆ E ಹಾಕಿ `45E12` ಎಂದರೆ ಎಕ್ಸೆಲ್ ಅದನ್ನೂ 45ರ ಮುಂದೆ ಹನ್ನೆರಡು ಸೊನ್ನೆಯ ಭಾರೀ ಸಂಖ್ಯೆ ಮಾಡಿಬಿಡುತ್ತದೆ. ಕಾವಲುಗಾರನಿಗೆ ಬಾಕಿ 9,000 ರೂಪಾಯಿ ಮೂರನೆಯ ದಿನ ಸಿಕ್ಕಿತು.

ಇನ್ನು ಪಿನ್ ಕೋಡ್. ನಮ್ಮ ದೇಶದೊಳಗೆ ಈ ಕಾಟವಿಲ್ಲ. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಪಿನ್ ವ್ಯವಸ್ಥೆಯಲ್ಲಿ ಮೊದಲ ಅಂಕಿ 1ರಿಂದ 9ರವರೆಗೆ ಮಾತ್ರ. ದೆಹಲಿ 1ರಲ್ಲಿ, ಕರ್ನಾಟಕ, ತೆಲಂಗಾಣ, ಆಂಧ್ರ ಮೂರೂ 5ರಲ್ಲಿ, ಸೇನೆಯ ಅಂಚೆ 9ರಲ್ಲಿ. ಸೊನ್ನೆಯಿಂದ ಶುರುವಾಗುವ ಪಿನ್ ಇಲ್ಲವೇ ಇಲ್ಲ. ಹಾಗಾಗಿ ಹೈದರಾಬಾದಿನ ಪಟ್ಟಿಯಲ್ಲಿ ಐದಂಕಿಯ ಪಿನ್ ಕಂಡರೆ ಸೊನ್ನೆ ಹೋಗಿದೆ ಎಂದುಕೊಂಡು ಮುಂದೆ ಒಂದನ್ನು ಸೇರಿಸಬೇಡಿ. ಬರೆದವರೇ ಒಂದು ಅಂಕಿ ಬಿಟ್ಟಿದ್ದಾರೆ, ಕೇಳಿ ಸರಿಪಡಿಸಿಕೊಳ್ಳಬೇಕು.

ವಿಳಾಸ ಹೊರದೇಶದ್ದಾದರೆ ಮಾತು ಬೇರೆ. ನ್ಯೂಜೆರ್ಸಿಯ ಎಡಿಸನ್ನಿನ 08820 ಎಕ್ಸೆಲ್‌ನಲ್ಲಿ 8820 ಆಗುತ್ತದೆ. ಮ್ಯಾಸಚೂಸೆಟ್ಸ್, ಕನೆಕ್ಟಿಕಟ್ ಕಡೆಯ ಕೋಡ್‌ಗಳೂ ಸೊನ್ನೆಯಿಂದಲೇ ಶುರು. ಅಮೆರಿಕದ ಕೋಡ್ ಐದಂಕಿ ಎಂದು ಗೊತ್ತಿರುವುದರಿಂದ ಅಲ್ಲಿ `=TEXT(A2,"00000")` ಧೈರ್ಯವಾಗಿ ಬಳಸಬಹುದು. ಸಿಂಗಪುರದ್ದು ನಮ್ಮಂತೆಯೇ ಆರಂಕಿ, ಆದರೆ ಅಲ್ಲಿ ಸೊನ್ನೆಯಿಂದ ಶುರುವಾಗುವ ಕೋಡ್‌ಗಳಿವೆ. ಕನ್ನಡ ಸಂಘದ ಸದಸ್ಯರ ಪಟ್ಟಿಯಲ್ಲಿ ಹೈದರಾಬಾದ್, ಎಡಿಸನ್, ಸಿಂಗಪುರ ಮೂರೂ ಊರಿನವರು ಇದ್ದರೆ ಒಂದೇ ಸೂತ್ರವನ್ನು ಇಡೀ ಕಾಲಮ್ಮಿಗೆ ಎಳೆಯಬೇಡಿ. ಮೊದಲು ದೇಶದ ಕಾಲಮ್ಮಿನಿಂದ ಬೇರೆ ಮಾಡಿ, ಆಮೇಲೆ ಆಯಾ ದೇಶದ ಅಂಕಿಗಳಷ್ಟು ಸೊನ್ನೆ ತುಂಬಿ.