ಹಳದಿ ಎಲೆಯ ಹೆಸರಿಗೆ ಅಂಕ, ಹೊಲ ನೋಡಿದ್ದಕ್ಕೆ?

ಕೃಷಿ ಡಿಪ್ಲೊಮಾ ಓದಿದವರಿಗೆ ‘ಸ್ಪಾಟಿಂಗ್’ ಗೊತ್ತು. ಮೇಜಿನ ಮೇಲೆ ಬೀಜ, ಕಳೆ, ಗೊಬ್ಬರ, ಎಲೆಗಳನ್ನು ಸಾಲಾಗಿ ಇಟ್ಟಿರುತ್ತಾರೆ. ಒಂದೊಂದನ್ನೇ ನೋಡಿ ಹೆಸರು ಬರೆದು ಮುಂದೆ ಹೋಗಬೇಕು. ಬೀಜ, ಗೊಬ್ಬರ ಗುರುತಿಸಲು ಈ ಪದ್ಧತಿ ಸಾಕು. ಆದರೆ ಬೆಳೆಯ ಕೊರತೆಯನ್ನೂ ಇದೇ ಮೇಜಿನ ಮೇಲೆ ಕೇಳಿ, ಅದಕ್ಕೆ ‘ಕ್ಷೇತ್ರ ವೀಕ್ಷಣೆ’ ಎಂದು ಅಂಕ ಕೊಡುವುದು ತಪ್ಪು ಎಂಬುದು ನಮ್ಮ ಅಭಿಪ್ರಾಯ.

ಕಾರಣ ಸರಳ. ಕಿತ್ತು ತಂದ ಎಲೆ ತಾನು ಗಿಡದಲ್ಲಿ ಎಲ್ಲಿತ್ತು ಎಂದು ಹೇಳುವುದಿಲ್ಲ. ಸಾರಜನಕ ಕಡಿಮೆಯಾದರೆ ಗಿಡ ಹಳೆಯ ಎಲೆಯಲ್ಲಿರುವುದನ್ನು ಎಳೆದು ಚಿಗುರಿಗೆ ಕಳಿಸುತ್ತದೆ. ಹಾಗಾಗಿ ಕೆಳಗಿನ ಎಲೆ ಮೊದಲು ಹಳದಿಯಾಗುತ್ತದೆ. ಕಬ್ಬಿಣದ ಅಂಶ ಹಾಗೆ ಸುಲಭವಾಗಿ ಓಡಾಡುವುದಿಲ್ಲ, ಅದರ ಕೊರತೆ ಮೊದಲು ಕಾಣುವುದು ಚಿಗುರಿನಲ್ಲಿ. ಕೆಳಗಿನ ಎಲೆಯೋ ಮೇಲಿನ ಎಲೆಯೋ ಎಂಬುದೇ ಉತ್ತರದ ಮೊದಲ ಹೆಜ್ಜೆ. ಮೇಜಿನ ಮೇಲೆ ಆ ಹೆಜ್ಜೆಯೇ ಕಳೆದುಹೋಗುತ್ತದೆ.

ಒಂದು ಹೊಲವನ್ನು ತೆಗೆದುಕೊಳ್ಳೋಣ. ಎರೆಭೂಮಿ, ಮೊಣಕಾಲೆತ್ತರದ ಮೆಕ್ಕೆಜೋಳ, ವಾರದ ಹಿಂದೆ ಜೋರು ಮಳೆ. ಒಂದು ಮೂಲೆಯಲ್ಲಿ ಪೈರು ಹಳದಿಯಾಗಿದೆ. ಕೆಳಗಿನ ಎಲೆಗಳ ತುದಿಯಿಂದ ಶುರುವಾದ ಹಳದಿ ನಡುನರದ ಗುಂಟ ಬುಡದ ಕಡೆ ಇಳಿದಿದೆ. ಆ ಎಲೆಯೊಂದನ್ನೇ ಮೇಜಿನ ಮೇಲಿಟ್ಟರೆ ‘ಸಾರಜನಕ ಕೊರತೆ, ಯೂರಿಯಾ ಹಾಕಬೇಕು’ ಎಂದು ಬರೆದವರಿಗೆ ಪೂರ್ತಿ ಅಂಕ.

ಈಗ ಹೊಲದೊಳಗೆ ಹೋಗಿ ನೋಡಿ. ಹಳದಿ ಇರುವುದು ತಗ್ಗಿನ ಮೂಲೆಯಲ್ಲಿ ಮಾತ್ರ. ದಿಬ್ಬದ ಕಡೆ ಪೈರು ಹಸಿರಾಗಿದೆ, ಎರಡೂ ಕಡೆ ಹಾಕಿದ್ದು ಅದೇ ಗೊಬ್ಬರ. ಮೂಲೆಯ ಹಸಿ ಮಣ್ಣನ್ನು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಒತ್ತಿದರೆ 5 ಸೆಂ.ಮೀ.ಗಿಂತ ಉದ್ದದ ಪಟ್ಟಿ ಮುರಿಯದೆ ಬರುತ್ತದೆ. ಅಂದರೆ ನೀರು ಬೇಗ ಬಿಡದ ಜಿಗುಟು ಮಣ್ಣು. ಒಂದು ಗಿಡವನ್ನು ಸಲಿಕೆಯಿಂದ ಮಣ್ಣು ಸಮೇತ ಎತ್ತಿದರೆ ಬೇರು ಬಿಳಿಯಾಗಿ ಗಟ್ಟಿ ಇರುವ ಬದಲು ಕಂದಾಗಿ ಮೆತ್ತಗಿದೆ, ಕೊಳೆತ ವಾಸನೆ ಇದೆ.

ಸಾರಜನಕ ಸಾಲುತ್ತಿಲ್ಲ ಎಂಬುದು ಈಗಲೂ ನಿಜ, ಆದರೆ ಅದಕ್ಕೆ ಕಾರಣ ನಿಂತ ನೀರು. ಗಾಳಿಯಾಡದ ಬೇರು ಆಹಾರ ಎಳೆದುಕೊಳ್ಳಲಾರದು. ಮಣ್ಣಿನಲ್ಲಿದ್ದ ಸಾರಜನಕವೂ ಸ್ವಲ್ಪ ಅನಿಲವಾಗಿ ಹಾರಿಹೋಗುತ್ತದೆ. ಈ ಕೆಸರಿಗೆ ಯೂರಿಯಾ ಎರಚಿದರೆ ದುಡ್ಡು ನೀರಿಗೆ ಹಾಕಿದಂತೆ. ಮೊದಲು ಕಾಲುವೆ ತೆಗೆದು ನೀರು ಬಸಿಯಬೇಕು. ಮಣ್ಣು ಹದಕ್ಕೆ ಬಂದು, ಹೊಸ ಬಿಳಿ ಬೇರು ಕಂಡ ಮೇಲೆ ಮೇಲುಗೊಬ್ಬರದ ಮಾತು.

ಮೇಜಿನ ಉತ್ತರಕ್ಕೂ ಹೊಲದ ಉತ್ತರಕ್ಕೂ ಇರುವ ವ್ಯತ್ಯಾಸ ರೈತನ ಪಾಲಿಗೆ ಗೊಬ್ಬರದ ಚೀಲದ ಬೆಲೆ. ಹಾಗಾದರೆ ಅಂಕ ಹೇಗೆ ಹಂಚಬೇಕು? 10 ಅಂಕದ ಪ್ರಶ್ನೆಗೆ ನಮ್ಮ ಸಲಹೆ ಹೀಗಿದೆ. ಹೊಲದಲ್ಲಿ ಹಳದಿ ಎಲ್ಲೆಲ್ಲಿ ಹರಡಿದೆ ಎಂದು ಬರೆದಿದ್ದಕ್ಕೆ 2. ಯಾವ ಎಲೆ, ಎಲೆಯ ಯಾವ ಭಾಗ ಎಂಬುದಕ್ಕೆ 2. ಮಣ್ಣು ಮುಟ್ಟಿ, ಬೇರು ನೋಡಿದ್ದಕ್ಕೆ 3. ಬೇರೆ ಯಾವ ಕಾರಣ ಇರಬಹುದಿತ್ತು, ಅದು ಏಕೆ ಅಲ್ಲ ಎಂಬುದಕ್ಕೆ 2. ಕೊನೆಯ ಹೆಸರಿಗೂ ಸಲಹೆಗೂ ಸೇರಿ 1. ಹೆಸರು ತಪ್ಪಿದರೂ ಸರಿಯಾಗಿ ನೋಡಿದವರು ಪಾಸಾಗಬೇಕು. ನೋಡದೆ ಊಹಿಸಿದವರು ಪಾಸಾಗಬಾರದು.

ಇದಕ್ಕೆ ಬರುವ ಆಕ್ಷೇಪ ನಮಗೆ ಗೊತ್ತು. ವಿದ್ಯಾರ್ಥಿಗಳು ಹೆಚ್ಚು, ಸಮಯ ಕಡಿಮೆ, ಪರೀಕ್ಷೆಯ ದಿನ ಹೊಲದಲ್ಲಿ ಬೇಕಾದ ಲಕ್ಷಣ ಇರಲೇಬೇಕೆಂದಿಲ್ಲ. ಹೊರಗಿನಿಂದ ಬಂದ ಪರೀಕ್ಷಕರಿಗೆ ಒಬ್ಬರ ಉತ್ತರಕ್ಕೂ ಇನ್ನೊಬ್ಬರ ಉತ್ತರಕ್ಕೂ ಒಂದೇ ಅಳತೆ ಹಿಡಿಯುವುದು ಕಷ್ಟ. ಇವು ನಿಜವಾದ ತೊಂದರೆಗಳೇ. ಆದರೆ ಪರೀಕ್ಷೆಯ ಬೆಳಿಗ್ಗೆ ಪರೀಕ್ಷಕರೇ ಕಾಲೇಜಿನ ತಾಕಿನಲ್ಲಿ ಒಂದು ಸುತ್ತು ಬಂದು, ಕಂಡದ್ದನ್ನು ಬರೆದಿಟ್ಟುಕೊಂಡರೆ ಅದೇ ಅಳತೆಗೋಲಾಗುತ್ತದೆ. ಪೈರೆಲ್ಲ ಚೆನ್ನಾಗಿದ್ದರೆ ‘ಕೊರತೆ ಕಾಣಲಿಲ್ಲ, ಇಂಥದ್ದನ್ನು ನೋಡಿ ಹೇಳುತ್ತಿದ್ದೇನೆ’ ಎಂಬುದೂ ಸರಿಯುತ್ತರವೇ. ಹೊಲಕ್ಕೆ ಹೋಗಲು ಆಗದಿದ್ದರೆ ಎಲೆಯ ಬದಲು ಬೇರು, ಮಣ್ಣು ಸಮೇತ ಎರಡು ಗಿಡ ತಂದಿಡಲಿ. ಒಂದು ಹಳದಿ ಜಾಗದ್ದು, ಒಂದು ಹಸಿರು ಜಾಗದ್ದು. ಹೋಲಿಸಲು ಅಷ್ಟಾದರೂ ಬೇಕು.

ಕಣ್ಣಿಗೂ ಮಿತಿ ಇದೆ. ಎರಡು ಕೊರತೆ ಒಟ್ಟಿಗಿದ್ದರೆ ಲಕ್ಷಣ ಬೆರೆತುಹೋಗುತ್ತವೆ, ಗೊಬ್ಬರ ಎಷ್ಟು ಬೇಕೆಂದು ಎಲೆ ಹೇಳುವುದಿಲ್ಲ. ‘ಮಣ್ಣು ಪರೀಕ್ಷೆ ಮಾಡಿಸಿದ ಮೇಲೆ ಪ್ರಮಾಣ ಹೇಳುತ್ತೇನೆ’ ಎಂದು ಬರೆದ ವಿದ್ಯಾರ್ಥಿಯ ಅಂಕ ಕತ್ತರಿಸಬಾರದು.

ಈ ಹುಡುಗ ಹುಡುಗಿಯರಲ್ಲೇ ಕೆಲವರು ನಾಳೆ ಗೊಬ್ಬರದ ಅಂಗಡಿಯಲ್ಲಿ ಕೂರುತ್ತಾರೆ. ನೀವು ಒಂದು ಹಳದಿ ಎಲೆ ಹಿಡಿದು ಹೋದಾಗ ಅವರು ಚೀಲ ಇಳಿಸುವ ಮೊದಲು ‘ಇದು ಕೆಳಗಿನ ಎಲೆಯಾ, ಮೇಲಿನದಾ? ಹೊಲದಲ್ಲಿ ನೀರು ನಿಂತಿತ್ತಾ?’ ಎಂದು ಕೇಳುವಂತಾಗಬೇಕು.